ಬೀದಿ ಹಸುವಿಗೆ ಬೈಕ್ ಗುದ್ದಿದರೆ ಪರಿಹಾರ ಯಾರಿಂದ?

"ರಾತ್ರಿ ರಸ್ತೆಗೆ ನುಗ್ಗಿದ ಹಸುವಿಗೆ ಗುದ್ದಿ ತಮ್ಮನ ಕಾಲು ಮುರಿದಿದೆ. ಹಸುವಿನ ಕಿವಿಯಲ್ಲಿ ಹಳದಿ ಓಲೆ ಇತ್ತು. ಯಾರ ಮೇಲೆ ಕೇಸ್ ಹಾಕೋದು?"

ಆ ಓಲೆಯ ಫೋಟೊ ಇದೆಯಾ ಸಾರ್? ಅದರ 12 ಅಂಕಿಯ ಸಂಖ್ಯೆ ಪಶುಪಾಲನಾ ಇಲಾಖೆಯ ದಾಖಲೆಯಲ್ಲಿ ಮಾಲೀಕರ ಹೆಸರಿಗೆ ಸೇರಿರುತ್ತೆ, ದೂರಿನಲ್ಲೇ ಬರೆಸಿ. ಪ್ರಾಣಿ ಸಾಕುವಲ್ಲಿ ನಿರ್ಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಆ ದಂಡ ಹೋಗೋದು ಸರ್ಕಾರಕ್ಕೆ. ಆಸ್ಪತ್ರೆ ಖರ್ಚು ಬೇಕೆಂದರೆ ಮಾಲೀಕನ ಮೇಲೆ ಸಿವಿಲ್ ದಾವೆಯೇ ದಾರಿ. "ಹಗ್ಗ ಹರಿದುಕೊಂಡು ಹೋಯ್ತು" ಅಂತಾನೆ ಅವನು, ಎಲ್ಲರೂ ಹೇಳೋದೇ ಅದು. ದಿನಾ ಸಂಜೆ ಬಿಟ್ಟುಬಿಡ್ತಿದ್ದ ಅನ್ನೋದಕ್ಕೆ ಅಕ್ಕಪಕ್ಕದ ಅಂಗಡಿಯವರ ಸಾಕ್ಷ್ಯ ಹಿಡಿದಿಟ್ಟುಕೊಳ್ಳಿ. ಬೈಕ್ ರಿಪೇರಿ ದುಡ್ಡು ಕಾಂಪ್ರೆಹೆನ್ಸಿವ್ ಪಾಲಿಸಿ ಇದ್ದರೆ ಸಿಗುತ್ತೆ, ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ.