ಆಮ್ಲಜನಕವೋ ಆಕ್ಸಿಜನ್ನೋ?

ಬಳ್ಳಾರಿಯ ಕನ್ನಡ ಶಾಲೆಗಾಗಿ ಎಂಟನೇ ತರಗತಿಯ ವಿಜ್ಞಾನ ಪಾಠ ಅನುವಾದಿಸುತ್ತಿದ್ದೇನೆ. ‘ಆಮ್ಲಜನಕ’ ಎನ್ನಲೇ, ‘ಆಕ್ಸಿಜನ್’ ಎನ್ನಲೇ?

ಆಕ್ಸಿಜನ್ ಎಂದೇ ಬರೆಯಿರಿ. ಮೊದಲ ಸಲ ಬರುವಲ್ಲಿ ಆಮ್ಲಜನಕವನ್ನೂ ಜೊತೆಗೆ ಕೊಡಿ. ಪತ್ರಿಕೆಗಳಲ್ಲಿ ಮಕ್ಕಳು ಆಮ್ಲಜನಕ ಎಂದೂ ಓದುತ್ತಾರೆ.

ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವುದು. ಆಮ್ಲಗಳಲ್ಲೆಲ್ಲ ಈ ಅನಿಲ ಇದ್ದೇ ಇರುತ್ತದೆ ಎಂದು ತಪ್ಪಾಗಿ ನಂಬಿದ್ದ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೇ ಗ್ರೀಕ್ ಪದಗಳಿಂದ ಕಟ್ಟಿದ ಹೆಸರಿನ ನೇರ ಅನುವಾದ ಅದು. ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ HCl. ಅದರಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಗ್ರೀಕ್‌ನಲ್ಲಿ ಅಡಗಿದ್ದ ತಪ್ಪು ಕನ್ನಡದಲ್ಲಿ ಬಯಲಾಗಿ, ಪದವೇ ಮಕ್ಕಳ ದಾರಿ ತಪ್ಪಿಸುತ್ತದೆ.

ಸಂಡೂರಿನ ಕಬ್ಬಿಣದ ಅದಿರನ್ನೇ ನೋಡಿ. ಅದರ ಮುಖ್ಯ ಖನಿಜ ಹೆಮಟೈಟ್, Fe₂O₃. ‘ಕಬ್ಬಿಣದ ಆಕ್ಸೈಡ್’ ಎಂದರೆ O ಎಲ್ಲಿಂದ ಬಂತೆಂದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ. ಕಬ್ಬಿಣಕ್ಕೆ ಮಾತ್ರ ‘ಐರನ್’ ಬೇಡ. Fe ಲ್ಯಾಟಿನ್‌ನಿಂದ ಬಂದದ್ದು, ಐರನ್ ಎಂದರೂ ಹೊಂದುವುದಿಲ್ಲ.