ಕ್ಯಾಶ್ ಬುಕ್ ಶಿಲ್ಕಿಗೂ ಕರೆಂಟ್ ಅಕೌಂಟ್ ಸ್ಟೇಟ್‌ಮೆಂಟಿಗೂ ತಾಳೆಯಾಗದಿದ್ದರೆ

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಸಣ್ಣ ಕಿರಾಣಿ ಅಂಗಡಿ. ಜೂನ್ 30ಕ್ಕೆ ಕ್ಯಾಶ್ ಬುಕ್ಕಿನ ಬ್ಯಾಂಕ್ ಕಾಲಂನಲ್ಲಿ ₹1,84,350 ಇದೆ, ಸ್ಟೇಟ್‌ಮೆಂಟಿನಲ್ಲಿ ₹1,98,153 ತೋರಿಸುತ್ತಿದೆ. ₹13,803ರ ನಮೂದು ಎಲ್ಲೂ ಸಿಗುತ್ತಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ:

₹13,803 ಎಂಬ ಮೊತ್ತವನ್ನು ಹುಡುಕುವುದನ್ನು ಮೊದಲು ಬಿಡಿ. ಅಂಥ ಒಂದು ನಮೂದು ಇರುವ ಸಾಧ್ಯತೆ ಕಡಿಮೆ. ಐದಾರು ನಮೂದುಗಳು ಕೂಡಿ ಕಳೆದು ಉಳಿದದ್ದೇ ಈ ವ್ಯತ್ಯಾಸ. ಕೆಲವು ಪುಸ್ತಕದಲ್ಲಿದ್ದು ಬ್ಯಾಂಕಿಗೆ ಇನ್ನೂ ಮುಟ್ಟಿಲ್ಲ, ಕೆಲವು ಬ್ಯಾಂಕಿನಲ್ಲಿ ಆಗಿದ್ದು ಪುಸ್ತಕಕ್ಕೆ ಬಂದಿಲ್ಲ, ಒಂದೆರಡು ತಪ್ಪಾಗಿ ಬರೆದದ್ದು. ಈ ಮೂರನ್ನೂ ಬೇರೆ ಬೇರೆ ಮಾಡಿದರೆ ಲೆಕ್ಕ ತಾನಾಗಿ ಕೂಡುತ್ತದೆ.

ಶುರು ಮಾಡಬೇಕಾದದ್ದು ಜೂನ್ 1ರಿಂದಲ್ಲ, ಮೇ 31ರಿಂದ. ಮೇ ಕೊನೆಗೆ ಎರಡೂ ಶಿಲ್ಕು ತಾಳೆಯಾಗಿದ್ದವೇ? ಆಗಿರಲಿಲ್ಲವೆಂದರೆ ಆಗ ಪಾಸಾಗದೆ ಉಳಿದ ಚೆಕ್ಕುಗಳು ಯಾವುವು, ಜಮೆಯಾಗದ ಮೊತ್ತಗಳು ಯಾವುವು ಎಂಬ ಪಟ್ಟಿ ಇದೆಯೇ? ಮೇ ತಿಂಗಳಲ್ಲಿ ಕೊಟ್ಟ ಚೆಕ್ ಜೂನ್ 4ಕ್ಕೆ ಪಾಸಾಗಿದ್ದರೆ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ, ಜೂನ್ ಪುಸ್ತಕದಲ್ಲಿ ಇರುವುದಿಲ್ಲ. ಪಟ್ಟಿ ಇಲ್ಲದವರು ಅದನ್ನು ಬಿಟ್ಟುಹೋದ ಖರ್ಚೆಂದು ಎರಡನೇ ಸಲ ಬರೆದುಬಿಡುತ್ತಾರೆ. ಪಟ್ಟಿ ಇಲ್ಲದಿದ್ದರೆ, ಎರಡೂ ಶಿಲ್ಕು ಸರಿಯಾಗಿದ್ದ ಕೊನೆಯ ತಿಂಗಳವರೆಗೆ ಹಿಂದೆ ಹೋಗುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಎರಡನೆಯದು, ಸ್ಟೇಟ್‌ಮೆಂಟ್ ಪೂರ್ತಿ ಇದೆಯೇ ನೋಡಿ. ಆರಂಭದ ಶಿಲ್ಕಿಗೆ ಎಲ್ಲ ಜಮೆ ಕೂಡಿಸಿ, ಎಲ್ಲ ಖರ್ಚು ಕಳೆದರೆ ಕೊನೆಯ ಶಿಲ್ಕು ಬರಬೇಕು. ಎಕ್ಸೆಲ್‌ನಲ್ಲಿ ಡೌನ್‌ಲೋಡ್ ಮಾಡಿದ್ದರಲ್ಲಿ ಕೆಲವು ಮೊತ್ತಗಳು ಸಂಖ್ಯೆಯಾಗಿರದೆ ಬರೀ ಅಕ್ಷರವಾಗಿ ಕೂತಿರುತ್ತವೆ. ಅವು ಚೌಕದ ಎಡಕ್ಕೆ ಅಂಟಿಕೊಂಡಿರುತ್ತವೆ, SUM ಹಾಕಿ ಕೂಡಿಸಿದರೆ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಸರಿಮಾಡದೆ ಮುಂದೆ ಹೋದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಇನ್ನು ಟಿಕ್ ಹಾಕುವ ಕೆಲಸ. ಸ್ಟೇಟ್‌ಮೆಂಟಿನ ಕ್ರೆಡಿಟ್ ಕಾಲಂ ನಿಮ್ಮ ಪುಸ್ತಕದ ಜಮೆ ಬದಿಗೆ, ಡೆಬಿಟ್ ಕಾಲಂ ಖರ್ಚಿನ ಬದಿಗೆ. (ಟ್ಯಾಲಿಯಲ್ಲಿ ಬರೆಯುವವರಿಗೆ ಇದು ಉಲ್ಟಾ ಕಾಣುತ್ತದೆ. ನಮಗೆ ಬಂದ ಹಣ ಅಲ್ಲಿ ಬ್ಯಾಂಕ್ ಖಾತೆಗೆ ಡೆಬಿಟ್. ಹೊಸಬರು ಎಡವುವುದು ಇಲ್ಲೇ.) ನೂರು ಸಾಲಿನೊಳಗಿದ್ದರೆ ಪೆನ್ಸಿಲ್ಲೇ ಸಾಕು. ಮೊದಲು ಚೆಕ್ಕುಗಳನ್ನು ನಂಬರ್ ನೋಡಿ ಹೊಂದಿಸಿ, ಆಮೇಲೆ ದೊಡ್ಡ ಮೊತ್ತಗಳು, ಕೊನೆಗೆ ಸಣ್ಣವು. ಸಾಲು ಹೆಚ್ಚಿದ್ದರೆ Book ಮತ್ತು Bank ಎಂದು ಎರಡು ಶೀಟ್ ಮಾಡಿ. ಎರಡರಲ್ಲೂ C ಕಾಲಂನಲ್ಲಿ ಬಂದದ್ದನ್ನು ಹಾಗೇ, ಹೋದದ್ದನ್ನು ಮೈನಸ್ ಹಾಕಿ ಬರೆಯಿರಿ. ಎರಡೂ ಶೀಟಿನ D ಕಾಲಂಗೆ ಈ ಸೂತ್ರ:

```
=C2&"|"&COUNTIF(C$2:C2,C2)
```

ಇದು ಒಂದೇ ಮೊತ್ತ ಎಷ್ಟನೇ ಸಲ ಬಂತು ಎಂದು ಗುರುತು ಹಾಕುತ್ತದೆ. ₹500 ಮೂರು ಸಲ ಬಂದರೆ 500|1, 500|2, 500|3 ಆಗುತ್ತದೆ. ನಂತರ Book ಶೀಟಿನ E ಕಾಲಂಗೆ:

```
=COUNTIF(Bank!D:D,D2)
```

0 ಬಂದ ಸಾಲು ಬ್ಯಾಂಕಿನಲ್ಲಿ ಇಲ್ಲ ಎಂದರ್ಥ. Bank ಶೀಟಿನಲ್ಲೂ ಇದನ್ನೇ Book ಕಡೆಗೆ ತಿರುಗಿಸಿ ಹಾಕಿ. ಒಂದು ಮಿತಿ ನೆನಪಿರಲಿ: ಸೂತ್ರ ನೋಡುವುದು ಮೊತ್ತವನ್ನು ಮಾತ್ರ, ತಾರೀಖನ್ನಲ್ಲ. ಪುಸ್ತಕದಲ್ಲಿ ಮೂರು ₹500 ಇದ್ದು ಬ್ಯಾಂಕಿನಲ್ಲಿ ಎರಡೇ ಇದ್ದರೆ ಅದು ಮೂರನೆಯದನ್ನೇ ತೋರಿಸುತ್ತದೆ, ನಿಜವಾಗಿ ತಪ್ಪಿದ್ದು ಮೊದಲನೆಯದೇ ಇರಬಹುದು. ಅಂಥ ಕಡೆ ತಾರೀಖು ನೋಡಿ ಕೈಯಿಂದಲೇ ನಿರ್ಧರಿಸಿ.

ಟಿಕ್ ಬೀಳದೆ ಉಳಿದ ಸಾಲುಗಳನ್ನು ಏನು ಮಾಡುವುದು? ನಿಮ್ಮ ಎರಡು ಶಿಲ್ಕುಗಳನ್ನೇ ಇಟ್ಟುಕೊಂಡು, ಕಿರಾಣಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ನಮೂದುಗಳನ್ನು ಊಹಿಸಿ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿಲ್ಲದ್ದು ನಾಲ್ಕು ಎಂದುಕೊಳ್ಳಿ. ಅಕ್ಕಿ ಮಂಡಿಯವರಿಗೆ ಕೊಟ್ಟ ₹22,500ರ ಚೆಕ್, ಎಣ್ಣೆ ಏಜೆನ್ಸಿಗೆ ಕೊಟ್ಟ ₹4,750ರ ಚೆಕ್, ಇವೆರಡನ್ನೂ ಅವರಿನ್ನೂ ಬ್ಯಾಂಕಿಗೆ ಹಾಕಿಲ್ಲ. ಜೂನ್ 30ರಂದು ನೀವು ಬ್ಯಾಂಕಿಗೆ ಹಾಕಿದ ಗಿರಾಕಿಯ ಚೆಕ್ ₹8,400, ಅದೇ ದಿನ ಸ್ವೈಪಿಂಗ್ ಮಷೀನಿನಲ್ಲಿ ಆದ ₹6,200, ಇವೆರಡೂ ಜಮೆಯಾಗುವುದು ಜುಲೈಯಲ್ಲಿ. ಇವು ಯಾವುವೂ ತಪ್ಪಲ್ಲ. ಪುಸ್ತಕ ಮುಟ್ಟಬೇಡಿ, ಸ್ಟೇಟ್‌ಮೆಂಟಿನ ಶಿಲ್ಕನ್ನು ಕಾಗದದ ಮೇಲೆ ತಿದ್ದಿ:

1,98,153 + 8,400 + 6,200 − 22,500 − 4,750 = 1,85,503

ಈಗ ಬ್ಯಾಂಕಿನಲ್ಲಿದ್ದು ಪುಸ್ತಕದಲ್ಲಿಲ್ಲದ್ದು. ಹೋಟೆಲಿನವರು ಉದ್ರಿ ಬಾಕಿ ₹12,000 ನೇರವಾಗಿ ಖಾತೆಗೆ ಹಾಕಿದ್ದಾರೆ. ಒಬ್ಬ ಗಿರಾಕಿಯ ₹9,600ರ ಚೆಕ್ ಬೌನ್ಸ್ ಆಗಿದೆ, ಅದಕ್ಕೆ ಬ್ಯಾಂಕು ₹300 ಶುಲ್ಕವನ್ನೂ ಅದರ ಮೇಲೆ 18% ಜಿಎಸ್‌ಟಿ ₹54ನ್ನೂ ಹಿಡಿದಿದೆ. ನಗದು ಕಟ್ಟಿದ್ದಕ್ಕೆ ₹250, ಜಿಎಸ್‌ಟಿ ಸೇರಿ ₹295. ತಿಂಗಳ ಕಾರ್ಡ್ ಮಾರಾಟದಲ್ಲಿ ಕಮಿಷನ್ ಎಂದು ಹಿಡಿದದ್ದು ಒಟ್ಟು ₹418. ಇವುಗಳ ಜೊತೆಗೆ ಒಂದು ಜೋಡಿ ಉಳಿದಿರುತ್ತದೆ: ಕರೆಂಟ್ ಬಿಲ್ ಬ್ಯಾಂಕಿನಲ್ಲಿ ₹3,640, ಪುಸ್ತಕದಲ್ಲಿ ₹3,460. ಅಂಕಿ ಅದಲುಬದಲಾಗಿ ₹180 ಕಡಿಮೆ ಬರೆದಿದೆ. ಇವೆಲ್ಲವೂ ಪುಸ್ತಕಕ್ಕೆ ಬರೆಯಬೇಕಾದವು:

1,84,350 + 12,000 − 9,600 − 354 − 295 − 418 − 180 = 1,85,503

ಎರಡೂ ಕಡೆ ಒಂದೇ ಮೊತ್ತ ಬಂತು, ಕೆಲಸ ಮುಗಿಯಿತು. ಬ್ಯಾಂಕಿನ ಶಿಲ್ಕು ₹1,98,153 ಕಂಡರೂ ನೀವು ಧೈರ್ಯವಾಗಿ ಚೆಕ್ ಬರೆಯಬಹುದಾದದ್ದು ಅಷ್ಟಕ್ಕಲ್ಲ. ಹೊರಗಿರುವ ಎರಡು ಚೆಕ್ಕುಗಳಿಗೆ ₹27,250 ಮೀಸಲಿಡಬೇಕು.

ಪುಸ್ತಕಕ್ಕೆ ಬರೆಯುವಾಗ ಎರಡು ಕಡೆ ಹುಷಾರು. ಆ ₹12,000ವನ್ನು ಮಾರಾಟ ಎಂದು ಬರೆಯಬೇಡಿ. ಉದ್ರಿ ಕೊಟ್ಟ ದಿನವೇ ಮಾರಾಟ ಬರೆದಾಗಿದೆ. ಈಗ ಹೋಟೆಲಿನವರ ಖಾತೆಗೆ ಜಮೆ ಮಾಡಬೇಕಷ್ಟೆ, ಇಲ್ಲದಿದ್ದರೆ ಮಾರಾಟ ಎರಡು ಸಲ ಆಗಿ ಜಿಎಸ್‌ಟಿಯೂ ಹೆಚ್ಚು ಕಟ್ಟಬೇಕಾಗುತ್ತದೆ. ಬೌನ್ಸ್ ಆದ ಚೆಕ್ಕನ್ನೂ ಖರ್ಚು ಎಂದು ತೋರಿಸಬೇಡಿ. ₹9,600 ಮತ್ತೆ ಆ ಗಿರಾಕಿಯ ಬಾಕಿಗೆ ಸೇರುತ್ತದೆ, ಬ್ಯಾಂಕ್ ಶುಲ್ಕದ ಲೆಕ್ಕಕ್ಕೆ ಹೋಗುವುದು ₹354 ಮಾತ್ರ. ಬೌನ್ಸ್ ವಿಷಯಕ್ಕೆ ತಿಂಗಳ ಕೊನೆಯವರೆಗೆ ಕಾಯುವುದು ನನ್ನ ಪ್ರಕಾರ ಅಪಾಯ: ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಗಿರಾಕಿಗೆ ಲಿಖಿತ ನೋಟಿಸ್ ಕೊಟ್ಟರೆ ಮಾತ್ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕೇಸಿಗೆ ದಾರಿ ಇರುತ್ತದೆ. ಹಾಗಾಗಿ ವಾಪಸಾದ ಚೆಕ್ಕುಗಳನ್ನು ಮಾತ್ರ ವಾರಕ್ಕೊಮ್ಮೆಯಾದರೂ ನೋಡಿಕೊಳ್ಳಿ.

ಇದಿಷ್ಟೂ ಆದಮೇಲೂ ಒಂದು ಮೊತ್ತ ಉಳಿದರೆ ಆಗ ಅಂಕಿಯ ಚಾಳಿ ನೋಡಬಹುದು. 9ರಿಂದ ನಿಶ್ಶೇಷವಾಗಿ ಭಾಗವಾದರೆ ಮೇಲಿನ ಕರೆಂಟ್ ಬಿಲ್ಲಿನಂತೆ ಅಂಕಿ ಅದಲುಬದಲಾಗಿರಬಹುದು, ಅಥವಾ ₹450ನ್ನು ₹4,500 ಎಂದು ಬರೆದಿರಬಹುದು. 2ರಿಂದ ಭಾಗಿಸಿದಾಗ ಬಂದ ಮೊತ್ತ ಪುಸ್ತಕದಲ್ಲೆಲ್ಲೋ ಇದ್ದರೆ ಅದನ್ನು ಖರ್ಚಿನ ಬದಲು ಜಮೆಗೆ ಬರೆದಿರಬಹುದು. ಬ್ಯಾಂಕಿನಿಂದ ತೆಗೆದ ₹5,000ವನ್ನು ಬ್ಯಾಂಕಿಗೆ ಕಟ್ಟಿದ್ದೆಂದು ಬರೆದರೆ ವ್ಯತ್ಯಾಸ ₹10,000 ಬರುತ್ತದೆ. ಉಳಿದ ವ್ಯತ್ಯಾಸ ಒಂದೇ ತಪ್ಪಿನಿಂದ ಬಂದಿದ್ದಾಗ ಮಾತ್ರ ಈ ಉಪಾಯ ನಡೆಯುತ್ತದೆ. ನಿಮ್ಮ ₹13,803ರ ಮೇಲೆ ಮೊದಲೇ ಪ್ರಯೋಗಿಸಿದ್ದರೆ ಏನೂ ಸಿಗುತ್ತಿರಲಿಲ್ಲ, 9ರಿಂದ ಭಾಗವೇ ಆಗುವುದಿಲ್ಲ.

ಈಗ ನಿಜವಾದ ತಲೆನೋವು, ಕ್ಯೂಆರ್. ನಿಮ್ಮ ಕ್ಯೂಆರ್ ಬ್ಯಾಂಕಿನದೇ ಆಗಿದ್ದು ಪ್ರತಿ ಪಾವತಿಯೂ ಒಂದೊಂದು ಸಾಲಾಗಿ ಬರುತ್ತಿದ್ದರೆ ಮೇಲಿನ ಸೂತ್ರ ಸಾಕು. ಆದರೆ ಪಾವತಿ ಕಂಪನಿಗಳ ಕ್ಯೂಆರ್‌ನಲ್ಲಿ ಎಷ್ಟೋ ಸಲ ಇಡೀ ದಿನದ ಹಣ ಒಂದೇ ಸೆಟಲ್‌ಮೆಂಟ್ ಆಗಿ ಬೀಳುತ್ತದೆ. ಅಲ್ಲಿ ₹40, ₹115ರ ಬಿಡಿ ಮಾರಾಟಗಳನ್ನು ಸ್ಟೇಟ್‌ಮೆಂಟಿನಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ಜೊತೆಗೆ ಕಂಪನಿಯ ದಿನ ಮುಗಿಯುವ ಹೊತ್ತು ನಿಮ್ಮ ಅಂಗಡಿ ಬಾಗಿಲು ಹಾಕುವ ಹೊತ್ತೇ ಆಗಿರಬೇಕೆಂದಿಲ್ಲ. ರಾತ್ರಿಯ ಕೊನೆಯ ಗಿರಾಕಿಗಳ ಹಣ ಮರುದಿನದ ಸೆಟಲ್‌ಮೆಂಟಿಗೆ ಹೋದರೆ ಎರಡು ದಿನದ ಮೊತ್ತವೂ ಕೆಡುತ್ತದೆ: ಒಂದು ದಿನ ಎಷ್ಟು ಕಡಿಮೆಯೋ ಮರುದಿನ ಅಷ್ಟೇ ಹೆಚ್ಚು. ಈ ಜೋಡಿ ಕಂಡರೆ ಗಾಬರಿಯಾಗಬೇಡಿ. ಮರುದಿನ ಸರಿಹೋಗದ ಕಡಿತವಾದರೆ ಸೌಂಡ್‌ಬಾಕ್ಸ್ ಬಾಡಿಗೆಯೋ, ಆ ಆ್ಯಪಿನಲ್ಲಿ ತೆಗೆದ ಸಾಲದ ದಿನದ ಕಂತೋ ಇರಬಹುದು, ಸೆಟಲ್‌ಮೆಂಟ್ ರಿಪೋರ್ಟಿನಲ್ಲಿ ಕಾಣುತ್ತದೆ.

ಇದಕ್ಕೆ ನಾನು ಹೇಳುವ ವ್ಯವಸ್ಥೆ ಹೀಗಿದೆ. ಕ್ಯೂಆರ್ ಮತ್ತು ಕಾರ್ಡ್ ಮಾರಾಟವನ್ನು ಬ್ಯಾಂಕ್ ಕಾಲಂಗೆ ನೇರವಾಗಿ ಬರೆಯಬೇಡಿ. ‘ಕ್ಯೂಆರ್ ಬರಬೇಕಾದದ್ದು’, ‘ಕಾರ್ಡ್ ಬರಬೇಕಾದದ್ದು’ ಎಂದು ಎರಡು ಖಾತೆ ತೆರೆಯಿರಿ. ದಿನದ ಮಾರಾಟದ ಒಟ್ಟು ಮೊತ್ತ ಅಲ್ಲಿಗೆ. ಬ್ಯಾಂಕಿಗೆ ಹಣ ಬಿದ್ದ ದಿನ, ಬಿದ್ದಷ್ಟನ್ನೇ ಆ ಖಾತೆಯಿಂದ ಬ್ಯಾಂಕ್ ಕಾಲಂಗೆ ತೆಗೆಯಿರಿ, ಪಕ್ಕದಲ್ಲಿ ಆ ವರ್ಗಾವಣೆಯ ಗುರುತಾದ ಯುಟಿಆರ್ ನಂಬರ್ ಬರೆಯಿರಿ, ಹಿಡಿದ ಕಮಿಷನ್ನನ್ನು ಖರ್ಚಿಗೆ ಹಾಕಿ. ಆಗ ಬ್ಯಾಂಕ್ ಕಾಲಂ ಸಾಲಿಗೆ ಸಾಲು ಸ್ಟೇಟ್‌ಮೆಂಟಿಗೆ ಹೊಂದುತ್ತದೆ. ತಿಂಗಳ ಕೊನೆಗೆ ಆ ಎರಡು ಖಾತೆಗಳಲ್ಲಿ ಕೊನೆಯ ಒಂದೆರಡು ದಿನದ ಹಣ ಮಾತ್ರ ಉಳಿದಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಯಾವುದೋ ಸೆಟಲ್‌ಮೆಂಟ್ ಬಂದಿಲ್ಲ, ಅಥವಾ ಹುಡುಗರು ನಗದು ಮಾರಾಟವನ್ನು ಕ್ಯೂಆರ್ ಎಂದು ಬರೆದಿದ್ದಾರೆ.

ಜೂನ್ ಮುಗಿಸಿದ ಮೇಲೆ, ಬ್ಯಾಂಕಿಗಿನ್ನೂ ಮುಟ್ಟದ ಆ ನಾಲ್ಕು ಉಳಿಕೆಗಳನ್ನು ತಾರೀಖು, ಚೆಕ್ ನಂಬರ್ ಸಮೇತ ಒಂದು ಹಾಳೆಯಲ್ಲಿ ಬರೆದಿಡಿ, ಜುಲೈ ಸ್ಟೇಟ್‌ಮೆಂಟ್ ಬಂದಾಗ ಮೊದಲ ಟಿಕ್ ಅಲ್ಲಿಂದ. ಸ್ವೈಪಿಂಗ್ ಹಣ ಒಂದೆರಡು ಕೆಲಸದ ದಿನದಲ್ಲಿ, ನೀವು ಹಾಕಿದ ಚೆಕ್ ಕೆಲವೇ ದಿನದಲ್ಲಿ ಬರದಿದ್ದರೆ ಬ್ಯಾಂಕಿನಲ್ಲಿ ಕೇಳಿ. ನೀವು ಕೊಟ್ಟ ಚೆಕ್ ಬರೆದ ತಾರೀಖಿನಿಂದ ಮೂರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಎಣ್ಣೆ ಏಜೆನ್ಸಿಯವರು ಅಷ್ಟರೊಳಗೆ ಹಾಕದಿದ್ದರೆ ₹4,750ವನ್ನು ಬ್ಯಾಂಕ್ ಕಾಲಂಗೆ ವಾಪಸ್ ಜಮೆ ಮಾಡಿ ಅವರ ಖಾತೆಯಲ್ಲಿ ಕೊಡಬೇಕಾದ ಬಾಕಿ ಎಂದು ತೋರಿಸಿ, ಹಳೇ ಚೆಕ್ ವಾಪಸ್ ಪಡೆದು ಹೊಸದು ಕೊಡಿ.