ಮೊದಲ ಏಳು ಕಾರ್ಡಿನಲ್ಲಿ ಬೇಕಾದ ಕಾರ್ಡ್ ಬರುವ ಲೆಕ್ಕ

ಪ್ರಶ್ನೆ: ಮ್ಯಾಜಿಕ್: ದಿ ಗ್ಯಾದರಿಂಗ್ ಆಡ್ತೀನಿ. 60 ಕಾರ್ಡಿನ ಡೆಕ್‌ನಲ್ಲಿ ನನ್ನ ಮುಖ್ಯ ಕಾರ್ಡ್ 4 ಇವೆ. ಮೊದಲ 7 ಕಾರ್ಡಲ್ಲಿ ಅದು ಬರೋ ಸಾಧ್ಯತೆ 4/60 × 7, ಅಂದ್ರೆ 47% ಹತ್ರ ಇರಬೇಕಲ್ವಾ? ಮನೇಲಿ 20 ಸಲ ಕಲಸಿ ನೋಡಿದೆ, 5 ಸಲ ಮಾತ್ರ ಬಂತು. ನನ್ನ ಲೆಕ್ಕ ತಪ್ಪೋ, ಕಲಸೋದು ತಪ್ಪೋ?

ಉತ್ತರ: ತಪ್ಪಿರುವುದು ಲೆಕ್ಕ. ಕನಿಷ್ಠ ಒಂದಾದರೂ ಬರುವ ಸಾಧ್ಯತೆ 39.95%, ಅಂದರೆ ಹತ್ತಕ್ಕೆ ನಾಲ್ಕು ಸಲ. ಕಲಸುವ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ 47% ಸುಮ್ಮನೆ ಬಂದ ಸಂಖ್ಯೆಯಲ್ಲ, ಅದಕ್ಕೂ ಒಂದು ಅರ್ಥವಿದೆ. ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ. 28/60 = 0.467 ಎಂಬುದು ಒಂದು ಕೈಯಲ್ಲಿ ಸರಾಸರಿ ಎಷ್ಟು ಮುಖ್ಯ ಕಾರ್ಡ್ ಇರುತ್ತವೆ ಎಂಬ ಲೆಕ್ಕ. ನೂರು ಸಲ ಹಂಚಿದರೆ ಒಟ್ಟು ಸುಮಾರು 47 ಮುಖ್ಯ ಕಾರ್ಡ್ ನಿಮ್ಮ ಕೈಗೆ ಬರುತ್ತವೆ, ನಿಜ. ಆದರೆ ಅವು 47 ಬೇರೆ ಬೇರೆ ಕೈಗಳಲ್ಲಿ ಒಂದೊಂದಾಗಿ ಬರುವುದಿಲ್ಲ. ಕೆಲವು ಕೈಗಳಲ್ಲಿ ಎರಡು ಒಟ್ಟಿಗೆ ಬಂದು ಕೂರುತ್ತವೆ, ಅಪರೂಪಕ್ಕೆ ಮೂರು. ಎರಡು ಬಂದ ಕೈಯನ್ನು ನಿಮ್ಮ ಗುಣಾಕಾರ ಎರಡು ಸಲ ಎಣಿಸಿದೆ.

ಎಷ್ಟು ಸಲ ಹೀಗಾಗುತ್ತದೆ ಎಂದು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಏಳು ಕಾರ್ಡಿನ ಕೈಯಲ್ಲಿ ಮುಖ್ಯ ಕಾರ್ಡ್ ಒಂದೂ ಇಲ್ಲದಿರುವುದು 60.05%, ಸರಿಯಾಗಿ ಒಂದೇ ಇರುವುದು 33.63%, ಎರಡಿರುವುದು 5.93%, ಮೂರಿರುವುದು 0.38%. ನಾಲ್ಕೂ ಒಟ್ಟಿಗೆ ಬರುವುದು ಸುಮಾರು ಹದಿನಾಲ್ಕು ಸಾವಿರ ಕೈಗಳಲ್ಲಿ ಒಂದು. ಈಗ ಒಂದು ಬಂದದ್ದನ್ನು ಒಂದು ಸಲ, ಎರಡು ಬಂದದ್ದನ್ನು ಎರಡು ಸಲ, ಮೂರು ಬಂದದ್ದನ್ನು ಮೂರು ಸಲ ಕೂಡಿ: ನಿಮ್ಮ 46.7% ಹಾಗೇ ಎದ್ದು ಬರುತ್ತದೆ. ಪ್ರತಿ ಕೈಯನ್ನೂ ಒಂದೇ ಸಲ ಎಣಿಸಿದರೆ ಸಿಗುವುದು 39.95%.

ಗುಣಾಕಾರದ ದಾರಿ ಎಲ್ಲಿ ಕುಸಿಯುತ್ತದೆಂದು ನೋಡಲು ಏಳರ ಬದಲು ಹದಿನೈದು ಕಾರ್ಡ್ ತೆಗೆದು ನೋಡಿ. 4/60 × 15 ಅಂದರೆ ಬರೋಬ್ಬರಿ 100%. ಆದರೆ ನಾಲ್ಕೂ ಡೆಕ್‌ನ ತಳದಲ್ಲಿ ಬಿದ್ದಿರುವುದಕ್ಕೆ ಯಾವ ಅಡ್ಡಿಯೂ ಇಲ್ಲವಲ್ಲ!

ಸರಿಯಾದ ದಾರಿಯೇ ಹೈಪರ್‌ಜಿಯೊಮೆಟ್ರಿಕ್ ವಿತರಣೆ. ಹೆಸರು ದೊಡ್ಡದು, ಒಳಗಿರುವುದು ಎಣಿಕೆ ಅಷ್ಟೆ. ತೆಗೆದ ಕಾರ್ಡನ್ನು ವಾಪಸ್ ಹಾಕದೆ ಮುಂದಿನದನ್ನು ತೆಗೆಯುವಾಗ ಬಳಸುವ ಲೆಕ್ಕ ಇದು. ದಾಳ ಉರುಳಿಸುವಾಗ ಪ್ರತಿ ಸಲವೂ ಆರರಲ್ಲಿ ಒಂದು; ಡೆಕ್‌ನಲ್ಲಿ ಹಾಗಲ್ಲ, ಒಂದು ಕಾರ್ಡ್ ಕೈಗೆ ಬಂದ ಮೇಲೆ ಉಳಿದದ್ದು 59. ಶಾಲೆಯಲ್ಲಿ ಓದಿದ ವಿಕಲ್ಪಗಳು ನೆನಪಿದ್ದರೆ ಸೂತ್ರ ಹೀಗಿದೆ:

```
P(k) = C(4,k) × C(56,7-k) / C(60,7)
```

ಛೇದದಲ್ಲಿರುವುದು 60ರಿಂದ 7 ಕಾರ್ಡ್ ಆರಿಸಬಹುದಾದ ಒಟ್ಟು ಬಗೆಗಳು, 38 ಕೋಟಿಗೂ ಹೆಚ್ಚು. ಅಂಶದಲ್ಲಿ, ನಾಲ್ಕು ಮುಖ್ಯ ಕಾರ್ಡಿನಲ್ಲಿ k ಆರಿಸಿ, ಉಳಿದ 56 ಕಾರ್ಡಿನಿಂದ ಕೈ ತುಂಬಿಸುವ ಬಗೆಗಳು.

"ಕನಿಷ್ಠ ಒಂದು" ಎಂಬ ಪ್ರಶ್ನೆಗೆ ಒಂದು, ಎರಡು, ಮೂರು, ನಾಲ್ಕು ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿ ಕೂಡಬೇಕಾಗಿಲ್ಲ. "ಒಂದೂ ಇಲ್ಲ" ಎಂಬುದನ್ನು ಕಂಡುಹಿಡಿದು 1ರಿಂದ ಕಳೆದರೆ ಸಾಕು. ಇದನ್ನು ಮಾಡಲು ನನಗೆ ತುಂಬ ಇಷ್ಟವಾದ ಒಂದು ದಾರಿಯಿದೆ, ಸೂತ್ರವೇ ಬೇಡ. ಕೈಗೆ ಯಾವ ಕಾರ್ಡ್ ಬಂತು ಎಂದು ಯೋಚಿಸುವ ಬದಲು, ಮುಖ್ಯ ಕಾರ್ಡುಗಳು ಡೆಕ್‌ನಲ್ಲಿ ಎಲ್ಲಿ ಕೂತಿವೆ ಎಂದು ಯೋಚಿಸಿ. ಕಲಸಿದ ಡೆಕ್‌ನಲ್ಲಿ 60 ಜಾಗಗಳಿವೆ. ಮೇಲಿನ 7 ಜಾಗ ನಿಮ್ಮ ಕೈ, ಕೆಳಗಿನ 53 ಉಳಿದ ಡೆಕ್. ಮೊದಲನೇ ಮುಖ್ಯ ಕಾರ್ಡ್ ಆ 53ರಲ್ಲಿ ಬೀಳುವ ಸಾಧ್ಯತೆ 53/60. ಅದು ಒಂದು ಜಾಗ ಹಿಡಿದ ಮೇಲೆ ಎರಡನೆಯದಕ್ಕೆ 52/59. ಮೂರನೆಯದಕ್ಕೆ 51/58, ನಾಲ್ಕನೆಯದಕ್ಕೆ 50/57. ಈ ನಾಲ್ಕನ್ನೂ ಗುಣಿಸಿದರೆ 0.6005. ಅದನ್ನು 1ರಿಂದ ಕಳೆದರೆ 0.3995. ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮುಗಿಯುತ್ತದೆ, ಆಟದ ಮೇಜಿನ ಮುಂದೆ ಕೂತೂ ಮಾಡಬಹುದು.

ಸ್ಪ್ರೆಡ್‌ಶೀಟಿನಲ್ಲಿ ಬೇಕಾದರೆ:

```
=1-HYPGEOM.DIST(0,7,4,60,TRUE)
```

ಆವರಣದ ಒಳಗಿನ ಕ್ರಮ: ಬಂದ ಮುಖ್ಯ ಕಾರ್ಡ್, ತೆಗೆದ ಕಾರ್ಡ್, ಡೆಕ್‌ನಲ್ಲಿರುವ ಮುಖ್ಯ ಕಾರ್ಡ್, ಒಟ್ಟು ಕಾರ್ಡ್. ನಡುವಿನ 7 ಮತ್ತು 4 ಅದಲುಬದಲಾದರೂ ಉತ್ತರ ಬದಲಾಗುವುದಿಲ್ಲ. ಜಾಗಗಳನ್ನು ಎಣಿಸಿದ ದಾರಿ ಕೆಲಸ ಮಾಡಿದ್ದೂ ಇದೇ ಕಾರಣಕ್ಕೆ. ಆದರೆ ಮೊದಲನೆಯ ಸೊನ್ನೆಯ ಬದಲು 1 ಹಾಕಿದರೆ ಸಿಗುವುದು "ಕನಿಷ್ಠ ಎರಡು" ಬರುವ ಸಾಧ್ಯತೆ. ನಾನು ಜನರ ಶೀಟುಗಳಲ್ಲಿ ಹೆಚ್ಚಾಗಿ ಕಂಡಿರುವ ತಪ್ಪು ಇದು. ಉತ್ತರ 6%ದ ಆಸುಪಾಸು ಬಂದರೆ ಇದೇ ಆಗಿದೆ ಎಂದು ತಿಳಿಯಿರಿ.

ಇದೇ ಲೆಕ್ಕದಿಂದ ಎಷ್ಟು ಪ್ರತಿ ಇಡಬೇಕು ಎಂಬುದೂ ತಿಳಿಯುತ್ತದೆ. ಒಂದೇ ಪ್ರತಿ ಇದ್ದರೆ 11.7%, ಎರಡಿದ್ದರೆ 22.1%, ಮೂರಕ್ಕೆ 31.5%, ನಾಲ್ಕಕ್ಕೆ 39.95%. ಮೊದಲ ಪ್ರತಿಯಿಂದ ಸಿಕ್ಕಿದ್ದು ಹನ್ನೆರಡರ ಹತ್ತಿರ, ನಾಲ್ಕನೆಯದರಿಂದ ಎಂಟೂವರೆಗಿಂತ ಕಡಿಮೆ. ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇಡುವ ಹಾಗಿಲ್ಲವಾದ್ದರಿಂದ, ಅದೇ ಕೆಲಸ ಮಾಡುವ ಬೇರೆ ಹೆಸರಿನ ಕಾರ್ಡ್ ಇನ್ನೂ ನಾಲ್ಕು ಸಿಕ್ಕರೆ ಎಂಟರ ಲೆಕ್ಕ ಹಾಕಿ: 65.4%. ಇಡೀ ಡೆಕ್ಕೇ ಒಂದು ಕಾರ್ಡಿನ ಮೇಲೆ ನಿಂತಿದ್ದರೆ, ನನ್ನ ಪ್ರಕಾರ ಮೊದಲು ಹುಡುಕಬೇಕಾದ್ದು ಆ ಎರಡನೇ ನಾಲ್ಕನ್ನು.

ಆದರೆ 39.95% ನಿಮ್ಮ ಆಟದ ಪೂರ್ತಿ ಉತ್ತರವಲ್ಲ. ಮುಖ್ಯ ಕಾರ್ಡ್ ಕೈಯಲ್ಲಿದ್ದು ಅದನ್ನು ಆಡಲು ಲ್ಯಾಂಡ್ ಇಲ್ಲದಿದ್ದರೆ ಏನು ಪ್ರಯೋಜನ? ನಿಮ್ಮ ಡೆಕ್‌ನಲ್ಲಿ 24 ಲ್ಯಾಂಡ್ ಇವೆ, ಎರಡರಿಂದ ನಾಲ್ಕು ಲ್ಯಾಂಡ್ ಬಂದರೆ ಕೈ ಇಟ್ಟುಕೊಳ್ಳುತ್ತೀರಿ ಎಂದುಕೊಳ್ಳೋಣ. ಈಗ ಡೆಕ್ ಮೂರು ಪಾಲಾಯಿತು: 24 ಲ್ಯಾಂಡ್, 4 ಮುಖ್ಯ ಕಾರ್ಡ್, 32 ಬೇರೆ ಕಾರ್ಡ್. ಮೂರು ಲ್ಯಾಂಡ್ ಇರುವ ಕೈಗಳನ್ನು ಮೊದಲು ಎಣಿಸೋಣ. ಮೂರು ಲ್ಯಾಂಡ್ ಆರಿಸಿದ ಮೇಲೆ ಉಳಿದ ನಾಲ್ಕು ಕಾರ್ಡ್ ಲ್ಯಾಂಡ್ ಅಲ್ಲದ 36ರಿಂದ ಬರಬೇಕು. ಅದರಿಂದ ಮುಖ್ಯ ಕಾರ್ಡ್ ಇಲ್ಲದ ಬಗೆಗಳನ್ನು, ಅಂದರೆ ನಾಲ್ಕೂ ಆ 32ರಿಂದಲೇ ಬಂದವನ್ನು, ಕಳೆಯಬೇಕು:

```
=COMBIN(24,3)*(COMBIN(36,4)-COMBIN(32,4))/COMBIN(60,7)
```

ಇದರ ಉತ್ತರ 12.0%. ಎರಡು ಲ್ಯಾಂಡಿಗೆ 3ರ ಜಾಗದಲ್ಲಿ 2, 4ರ ಜಾಗದಲ್ಲಿ 5 ಹಾಕಿದರೆ 12.6% ಬರುತ್ತದೆ. ನಾಲ್ಕು ಲ್ಯಾಂಡಿಗೆ 4 ಮತ್ತು 3 ಹಾಕಿದರೆ 6.0%. ಮೂರೂ ಸೇರಿ 30.6%. ಅಂದರೆ ಮುಖ್ಯ ಕಾರ್ಡೂ ಇದ್ದು ಆಡುವುದಕ್ಕೂ ಬರುವ ಕೈ ಹತ್ತಕ್ಕೆ ಮೂರೇ. ಡೆಕ್ ಕಟ್ಟುವಾಗ ನಾನು ನಂಬುವುದು ಈ ಸಂಖ್ಯೆಯನ್ನು.

ಮಲ್ಲಿಗನ್ ಇದನ್ನು ಸ್ವಲ್ಪ ಮೇಲೆತ್ತುತ್ತದೆ. 2019ರಿಂದ ಇರುವ ನಿಯಮದಲ್ಲಿ ಕೈ ಬೇಡವೆಂದರೆ ಪೂರ್ತಿ ಕಲಸಿ ಮತ್ತೆ ಏಳು ತೆಗೆದು, ಅದರಲ್ಲಿ ಒಂದನ್ನು ಡೆಕ್‌ನ ತಳಕ್ಕೆ ಹಾಕುತ್ತೀರಿ. ನೋಡುವುದು ಮತ್ತೆ ಏಳೇ ಕಾರ್ಡ್ ಆದ್ದರಿಂದ ಎರಡನೇ ಸಲವೂ ಅದೇ 39.95%. ಇದಕ್ಕೆ ಮುಂಚೆ ಆರೇ ಕಾರ್ಡ್ ತೆಗೆಯಬೇಕಿತ್ತು, ಆಗ ಅದು 35%ಕ್ಕೆ ಇಳಿಯುತ್ತಿತ್ತು. ಹೊಸದಾಗಿ ಕಲಸಿದ್ದರಿಂದ ಎರಡನೇ ಕೈಗೂ ಮೊದಲನೆಯದಕ್ಕೂ ಸಂಬಂಧವಿಲ್ಲ. ಹಾಗಾಗಿ ಇಲ್ಲಿ ನೇರ ಗುಣಾಕಾರ ಸರಿ. ಎರಡೂ ಸಲ ಸಿಗದಿರುವುದು 0.6005 × 0.6005 = 0.361, ಒಂದು ಸಲವಾದರೂ ಸಿಗುವುದು 63.9%. ಇದು ಮುಖ್ಯ ಕಾರ್ಡ್ ಇಲ್ಲದ ಪ್ರತಿ ಮೊದಲ ಕೈಯನ್ನೂ ಎಸೆಯಲು ತಯಾರಿದ್ದರೆ ಮಾತ್ರ. ಮೂರು ಲ್ಯಾಂಡ್, ಆಡಲು ನಾಲ್ಕು ಒಳ್ಳೆಯ ಕಾರ್ಡ್ ಇರುವ ಕೈಯನ್ನು ಬರೀ ಅದೊಂದು ಇಲ್ಲವೆಂದು ಬಿಡುವವರು ಕಡಿಮೆ. ನಾನಂತೂ ಬಿಡುವುದಿಲ್ಲ, ಏಕೆಂದರೆ ಕಾದರೂ ಅದು ಬರಬಹುದು: ಮೊದಲು ಆಡುವವರು ಮೂರನೇ ಸರದಿಯ ಹೊತ್ತಿಗೆ 9 ಕಾರ್ಡ್ ನೋಡಿರುತ್ತಾರೆ, ಆಗ ಸಾಧ್ಯತೆ 48.8%. ಎರಡನೆಯವರಾಗಿ ಆಡುವವರು 10 ನೋಡಿರುತ್ತಾರೆ, 52.8%.

ಇನ್ನು ನಿಮ್ಮ 20 ಸಲದ ಪರೀಕ್ಷೆ. 40%ದ ಪ್ರಕಾರ ಸರಾಸರಿ 8 ಸಲ ಬರಬೇಕಿತ್ತು, ಬಂದದ್ದು 5. ಕಲಸುವುದು ಪೂರ್ತಿ ಸರಿಯಿದ್ದರೂ 20ರಲ್ಲಿ 5 ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ ಸುಮಾರು 12.5%, ಅಂದರೆ ಇಂಥ ಪರೀಕ್ಷೆ ಮಾಡಿದ ಎಂಟು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇಷ್ಟರಿಂದ ಕಲಸುವುದನ್ನು ದೂರುವಂತಿಲ್ಲ. 100 ಕೈ ತೆಗೆದು ನೋಡಿ. 30ರಿಂದ 50ರ ನಡುವೆ ಬಂದರೆ ಸಹಜ. 25ಕ್ಕೇ ನಿಂತರೆ ಆಗ ಅನುಮಾನಪಡಿ.

ಅನುಮಾನ ಬಂದರೆ ಮೊದಲು ನೋಡಬೇಕಾದ್ದು ಕಾರ್ಡುಗಳನ್ನು ಸಾಲಾಗಿ ಗುಡ್ಡೆಗಳಿಗೆ ಹಂಚಿ ಮತ್ತೆ ಜೋಡಿಸುವ ಅಭ್ಯಾಸ. ಅದು ಕಲಸಿದಂತೆ ಕಾಣುತ್ತದೆ, ಆದರೆ ಯಾವ ಕಾರ್ಡ್ ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಈ ಇಡೀ ಲೆಕ್ಕ 60 ಜಾಗಗಳಲ್ಲಿ ಯಾವುದಕ್ಕೆ ಬೇಕಾದರೂ ಮುಖ್ಯ ಕಾರ್ಡ್ ಸಮಾನವಾಗಿ ಬೀಳಬಹುದು ಎಂಬುದರ ಮೇಲೆ ನಿಂತಿದೆ. ಡೆಕ್ಕನ್ನು ಎರಡು ಭಾಗ ಮಾಡಿ ಒಂದರೊಳಗೆ ಒಂದು ಬೆರೆಯುವಂತೆ ಕಲಸಿ. 52 ಎಲೆಯ ಇಸ್ಪೀಟು ಕಟ್ಟಿಗೆ ಹೀಗೆ ಸುಮಾರು ಏಳು ಸಲ ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ತೋರಿಸಿದ್ದಾರೆ. 60 ಕಾರ್ಡಿಗೆ, ಅದೂ ಸ್ಲೀವ್ ಹಾಕಿದ ಕಾರ್ಡಿಗೆ, ನಾನು ಹತ್ತು ಸಲ ಮಾಡುತ್ತೇನೆ. ಪರೀಕ್ಷೆಯ ನೂರು ಕೈಗಳಿಗೂ ಪ್ರತಿ ಸಲ ಅಷ್ಟೇ ಕಲಸಿ, ಇಲ್ಲದಿದ್ದರೆ ಹಿಂದಿನ ಕೈಯ ಕಾರ್ಡುಗಳು ಮುಂದಿನದರಲ್ಲೂ ಅಕ್ಕಪಕ್ಕದಲ್ಲೇ ಉಳಿದುಬಿಡುತ್ತವೆ.